ಬೇಡ ಎಂದ ಆರ್ಡರ್, ಮುಂದೆ ಬರುವ ಆರ್ಡರ್: ನಡುವಿನ ಲೆಕ್ಕ ಏನು?

*ನಾನು ಸಂಜೆ ಹೊತ್ತು ಡೆಲಿವರಿ ಮಾಡುತ್ತೇನೆ. ದಿನಕ್ಕೆ ಸುಮಾರು 10 ಆಫರ್ ಬರುತ್ತವೆ. ಹೋದ ವಾರ ಮೂರು ದಿನ ಬರೀ ದೂರದ ಆರ್ಡರ್‌ಗಳೇ. 35 ಬಂದಿದ್ದವು, 26 ರಿಜೆಕ್ಟ್ ಮಾಡಿದೆ. ಆಕ್ಸೆಪ್ಟೆನ್ಸ್ ರೇಟ್ 81ರಿಂದ 62ಕ್ಕೆ ಬಿತ್ತು. ಆಮೇಲೆ ಬಂದ 30 ಆಫರ್‌ಗಳಲ್ಲಿ ಒಂದನ್ನೂ ಬಿಡದೆ ತಗೊಂಡೆ, ಆದರೂ 67 ಅಷ್ಟೇ. 70 ಇಲ್ಲದಿದ್ದರೆ ಆದ್ಯತೆ ಸಿಗಲ್ಲ ಎಂದು ಆ್ಯಪ್ ಹೇಳುತ್ತದೆ. ಈಗ ಆರ್ಡರ್ ಕೂಡ ಕಡಿಮೆ ಬರುತ್ತಿವೆ ಅನ್ನಿಸುತ್ತಿದೆ. ನನಗೆ ಶಿಕ್ಷೆ ಕೊಡುತ್ತಿದ್ದಾರಾ? ಇನ್ನು ಮುಂದೆ ಬಂದದ್ದನ್ನೆಲ್ಲ ತಗೊಳ್ಳಲೇಬೇಕಾ?*

ಎಲ್ಲವನ್ನೂ ತಗೊಳ್ಳಬೇಕಿಲ್ಲ. ಆದರೆ ಇನ್ನು 15 ಆಫರ್‌ಗಳ ಮಟ್ಟಿಗೆ ತಗೊಂಡರೆ ಲಾಭವಾಗಬಹುದು. ಆಗುತ್ತದೋ ಇಲ್ಲವೋ ಎಂಬುದು ಒಂದೇ ಒಂದು ವಿಷಯದ ಮೇಲೆ ನಿಂತಿದೆ: ಆ ಆದ್ಯತೆಯಿಂದ ನಿಮಗೆ ಕಾಯುವ ಸಮಯ ಎಷ್ಟು ನಿಮಿಷ ಉಳಿಯುತ್ತದೆ? ಅದನ್ನು ನೀವೇ ಅಳೆಯಬಹುದು. ಅದಕ್ಕೂ ಮೊದಲು ನಿಮ್ಮ ರೇಟ್ ಯಾಕೆ ಅಂಟಿಕೊಂಡಂತೆ ನಿಂತಿದೆ ಎಂದು ನೋಡೋಣ. ನಿಮಗೆ ಬೇಜಾರಾಗಿರುವುದು ಹೆಚ್ಚಾಗಿ ಅದರಿಂದಲೇ, ಅಲ್ವಾ?

ಬಹಳ ಆ್ಯಪ್‌ಗಳಲ್ಲಿ ಈ ರೇಟ್ ಎಂದರೆ ಕೊನೆಯ ಇಷ್ಟು ಆಫರ್‌ಗಳಲ್ಲಿ ನೀವು ಒಪ್ಪಿದ್ದು ಎಷ್ಟು ಎಂಬ ಲೆಕ್ಕ. ಡೋರ್‌ಡ್ಯಾಶ್ ಎಂಬ ಅಮೆರಿಕದ ಡೆಲಿವರಿ ಆ್ಯಪ್‌ನಲ್ಲಿ ಅದು ಕೊನೆಯ 100 ಆಫರ್. ನಿಮ್ಮ ಅಂಕಿಗಳನ್ನು ನೋಡಿದರೆ ನಿಮ್ಮದೂ 100ರ ಲೆಕ್ಕವೇ ಇರಬೇಕು, ಯಾಕೆಂದರೆ ಹಾಗೆ ಇಟ್ಟುಕೊಂಡರೆ ಎಲ್ಲವೂ ಸರಿಯಾಗಿ ಕೂಡುತ್ತದೆ. 100 ಕುರ್ಚಿಗಳ ಒಂದು ಸಾಲು ಎಂದುಕೊಳ್ಳಿ. ಹೊಸ ಆಫರ್ ಬಂದು ಒಂದು ತುದಿಯಲ್ಲಿ ಕೂತಾಗ ಇನ್ನೊಂದು ತುದಿಯಿಂದ ಅತಿ ಹಳೆಯದು ಎದ್ದು ಹೋಗುತ್ತದೆ. ನೀವು ಹೊಸದನ್ನು ಒಪ್ಪಿದಿರಿ. ಎದ್ದು ಹೋದದ್ದೂ ಹಿಂದೆ ಒಪ್ಪಿದ್ದೇ ಆಗಿದ್ದರೆ? ಒಂದು ಒಪ್ಪಿಗೆ ಒಳಗೆ ಬಂತು, ಒಂದು ಒಪ್ಪಿಗೆ ಹೊರಗೆ ಹೋಯಿತು. ರೇಟ್ ಒಂದು ಚೂರೂ ಅಲುಗುವುದಿಲ್ಲ. ಹಳೆಯ ರಿಜೆಕ್ಟ್ ಒಂದು ಎದ್ದು ಹೋದಾಗ ಮಾತ್ರ ರೇಟ್ ಒಂದು ಅಂಕ ಏರುತ್ತದೆ.

ಇನ್ನು ನಿಮ್ಮ ಸಾಲನ್ನು ನೋಡೋಣ. ಆ ಮೂರು ದಿನಕ್ಕೆ ಮೊದಲು ನಿಮ್ಮ 100ರಲ್ಲಿ 19 ರಿಜೆಕ್ಟ್ ಇದ್ದವು. ಅಂದರೆ ಐದರಲ್ಲಿ ಒಂದನ್ನು ಬಿಡುವುದು ನಿಮ್ಮ ಮಾಮೂಲಿ ಅಭ್ಯಾಸ. ಆಮೇಲೆ 35 ಹೊಸ ಆಫರ್ ಬಂದವು, 26 ರಿಜೆಕ್ಟ್ ಒಳಗೆ ಬಂದವು. ಅದೇ ಹೊತ್ತಿಗೆ ಹಳೆಯ 35 ಹೊರಗೆ ಹೋದವು, ಅವುಗಳ ಜೊತೆ ಸುಮಾರು 7 ಹಳೆಯ ರಿಜೆಕ್ಟ್‌ಗಳೂ ಹೋದವು. 19ರಲ್ಲಿ 7 ಕಳೆದು 26 ಕೂಡಿಸಿದರೆ 38. ಹಾಗಾಗಿ 62. ಆಮೇಲೆ ನೀವು 30 ಒಪ್ಪಿದಿರಿ. ಈ ಸಲ ಹೊರಗೆ ಹೋದ ಹಳೆಯ 30ರಲ್ಲಿ 5 ರಿಜೆಕ್ಟ್ ಇದ್ದವು. 38 ಹೋಗಿ 33 ಆಯಿತು, ರೇಟ್ 67 ಆಯಿತು.

ಈಗ ಮುಖ್ಯವಾದ ಮಾತು. ನೀವು ಹೋದ ವಾರ ಮಾಡಿದ ಆ 26 ರಿಜೆಕ್ಟ್‌ಗಳಲ್ಲಿ ಇನ್ನೂ ಒಂದೂ ಹೊರಗೆ ಹೋಗಿಲ್ಲ. ಅವೆಲ್ಲ ಸಾಲಿನ ಮಧ್ಯದಲ್ಲಿ ಕೂತಿವೆ. ಅವುಗಳಿಗಿಂತ ಹಳೆಯ 35 ಆಫರ್‌ಗಳು ಇನ್ನೂ ಮುಂದೆ ಇವೆ, ಅವುಗಳಲ್ಲಿ 7 ಮಾತ್ರ ರಿಜೆಕ್ಟ್. ಮೊದಲು ಈ 35 ಎದ್ದು ಹೋಗಬೇಕು, ಆಮೇಲೆ ಆ ಕೆಟ್ಟ ಮೂರು ದಿನಗಳ ಸರದಿ. ನೀವು ಈ ಹೊತ್ತಿನಲ್ಲಿ ಎಷ್ಟೇ ಶ್ರಮಪಟ್ಟು ಒಪ್ಪಿದರೂ ರೇಟ್ ನಿಧಾನವಾಗಿಯೇ ಏರುತ್ತದೆ. ಇದನ್ನು ತಿಳಿಯದೆ ಬಹಳ ಜನ ಎರಡು ರೀತಿ ತಪ್ಪು ಮಾಡುತ್ತಾರೆ. ಕೆಲವರು ಸುಮ್ನೆ ಕೈಬಿಟ್ಟು, ಏರುವುದೇ ಇಲ್ಲ ಎಂದುಕೊಂಡು ಮತ್ತೆ ಸಿಕ್ಕಾಪಟ್ಟೆ ರಿಜೆಕ್ಟ್ ಮಾಡುತ್ತಾರೆ. ಇನ್ನು ಕೆಲವರು ಹಠ ಹಿಡಿದು ವಾರಗಟ್ಟಲೆ ಎಲ್ಲ ಕೆಟ್ಟ ಆರ್ಡರ್‌ಗಳನ್ನೂ ಹೊರುತ್ತಾರೆ. ಎರಡೂ ಬೇಕಿಲ್ಲ.

ನೀವು ನಿಮ್ಮ ಮಾಮೂಲಿ ಅಭ್ಯಾಸಕ್ಕೆ ಮರಳಿದರೆ, ಅಂದರೆ ಐದರಲ್ಲಿ ಒಂದನ್ನು ಬಿಟ್ಟರೆ, ಮುಂದಿನ 35 ಆಫರ್‌ಗಳಲ್ಲಿ ರೇಟ್ ಹೆಚ್ಚುಕಡಿಮೆ 67ರಲ್ಲೇ ನಿಲ್ಲುತ್ತದೆ. 7 ಹಳೆಯ ರಿಜೆಕ್ಟ್ ಹೋಗುತ್ತವೆ, 7 ಹೊಸವು ಬರುತ್ತವೆ. ಆಮೇಲೆ ಕೆಟ್ಟ ದಿನಗಳು ಹೊರಗೆ ಹೋಗಲು ಶುರುವಾಗುತ್ತವೆ. ಆಗ ನಾಲ್ಕು ಆಫರ್ ಬಂದರೆ ಸುಮಾರು ಮೂರು ಹಳೆಯ ರಿಜೆಕ್ಟ್‌ಗಳು ಎದ್ದು ಹೋಗುತ್ತವೆ. ಆರೇಳು ಆಫರ್‌ಗಳಲ್ಲಿ 70 ದಾಟುತ್ತೀರಿ. ಇಂದಿನಿಂದ ಎಣಿಸಿದರೆ 41ನೆಯ ಆಫರ್‌ನ ಹತ್ತಿರ. 70 ಆಫರ್ ಮುಗಿಯುವಾಗ ರೇಟ್ ಸುಮಾರು 86 ಇರುತ್ತದೆ. ನೀವು ಯಾವ ತ್ಯಾಗವನ್ನೂ ಮಾಡದೆ!

ಅದರ ಬದಲು ಇಂದಿನಿಂದ ಬಂದದ್ದನ್ನೆಲ್ಲ ಒಪ್ಪಿದರೆ 15ನೆಯ ಆಫರ್ ಹೊತ್ತಿಗೆ ಮೂರು ಹಳೆಯ ರಿಜೆಕ್ಟ್ ಹೋಗಿ 70 ಮುಟ್ಟುತ್ತೀರಿ. ಅಂದರೆ ಎರಡು ದಾರಿಗಳ ನಡುವಿನ ವ್ಯತ್ಯಾಸ ಸುಮಾರು 26 ಆಫರ್, ನಿಮ್ಮ ಲೆಕ್ಕದಲ್ಲಿ ಎರಡೂವರೆ ದಿನ. ಆ ಎರಡೂವರೆ ದಿನದ ಆದ್ಯತೆಗೆ ನೀವು ಕೊಡುವ ಬೆಲೆ ಏನು? ಈ 15ರಲ್ಲಿ ಮಾಮೂಲಾಗಿ ನೀವು ಬಿಡುತ್ತಿದ್ದ ಸುಮಾರು 3 ಆರ್ಡರ್‌ಗಳನ್ನು ಹೊರಬೇಕು. ಪ್ರಶ್ನೆ ಇಷ್ಟಕ್ಕೆ ಇಳಿಯಿತು: ಮೂರು ಕೆಟ್ಟ ಆರ್ಡರ್‌ಗಳಿಗೆ ಎದುರಾಗಿ ಎರಡೂವರೆ ದಿನದ ಆದ್ಯತೆ. ಜೀವನಪೂರ್ತಿ ಎಲ್ಲವನ್ನೂ ಒಪ್ಪುವ ಪ್ರಶ್ನೆ ಇಲ್ಲಿಲ್ಲ.

ಒಂದು ಎಚ್ಚರಿಕೆ. ಕೆಲವು ಆ್ಯಪ್‌ಗಳು ಆಫರ್‌ಗಳ ಬದಲು ದಿನಗಳನ್ನು ಎಣಿಸುತ್ತವೆ, ಕಳೆದ 7 ದಿನ ಅಥವಾ 30 ದಿನ ಎಂದು. ಅಲ್ಲಿ ನೀವು ರಜೆ ಹಾಕಿದರೂ ಹಳೆಯ ರಿಜೆಕ್ಟ್‌ಗಳು ತಾವಾಗಿಯೇ ಹೋಗುತ್ತವೆ. 100ರ ಲೆಕ್ಕದಲ್ಲಿ ಹಾಗಲ್ಲ. ಒಂದು ತಿಂಗಳು ಮನೆಯಲ್ಲಿ ಕೂತು ಬಂದರೂ ರೇಟ್ ಬಿಟ್ಟಲ್ಲೇ ಇರುತ್ತದೆ. ಹೊಸಬರಿಗೆ ಇನ್ನೊಂದು ತೊಂದರೆ: ಬಂದದ್ದೇ 20 ಆಫರ್ ಆಗಿದ್ದರೆ ಒಂದು ರಿಜೆಕ್ಟ್‌ಗೆ 5 ಅಂಕ ಹೋಗುತ್ತದೆ. ನಿಮ್ಮ ಆ್ಯಪ್‌ನಲ್ಲಿ ರೇಟ್ ಮೇಲೆ ಒತ್ತಿ ನೋಡಿ, ಯಾವುದನ್ನು ಎಣಿಸುತ್ತಾರೆ ಎಂದು ಸಾಮಾನ್ಯವಾಗಿ ಅಲ್ಲೇ ಬರೆದಿರುತ್ತದೆ. ಅದರ ಜೊತೆ ಆದ್ಯತೆಯ ಮಟ್ಟವನ್ನು ಯಾವಾಗ ನಿರ್ಧರಿಸುತ್ತಾರೆ ಎಂಬುದನ್ನೂ ಓದಿ. ಕೆಲವೆಡೆ ರೇಟ್ 70 ಆದ ಕ್ಷಣವೇ ಆದ್ಯತೆ ಬರುತ್ತದೆ. ಇನ್ನು ಕೆಲವೆಡೆ ತಿಂಗಳಿಗೊಮ್ಮೆ ಗೊತ್ತಾದ ದಿನ ಲೆಕ್ಕ ಹಾಕಿ, ಮುಂದಿನ ತಿಂಗಳು ಪೂರ್ತಿ ಅದೇ ಮಟ್ಟದಲ್ಲಿ ಇಡುತ್ತಾರೆ. ನಿಮ್ಮದು ಎರಡನೆಯ ರೀತಿಯದಾದರೆ, ಆ ದಿನಕ್ಕೆ ಇನ್ನೂ ಎರಡು ವಾರ ಇದ್ದರೆ, ಈ ಮೂರು ಕೆಟ್ಟ ಆರ್ಡರ್‌ಗಳನ್ನು ಹೊತ್ತು ಏನೂ ಸಿಗುವುದಿಲ್ಲ. ಆ ದಿನ ಬರುವಷ್ಟರಲ್ಲಿ ನೀವು ಹೇಗೂ 80ರ ಆಸುಪಾಸಿನಲ್ಲಿ ಇರುತ್ತೀರಿ.

ಇನ್ನು ಆರ್ಡರ್ ಕಡಿಮೆ ಬರುತ್ತಿರುವ ವಿಷಯ. ಆಕ್ಸೆಪ್ಟೆನ್ಸ್ ರೇಟ್ ಮುಂದಿನ ಆಫರ್‌ಗಳನ್ನು ಮುಟ್ಟುವ ದಾರಿಗಳು ಬೇರೆ ಬೇರೆ. ಅವುಗಳನ್ನು ಒಂದೇ ಎಂದುಕೊಂಡರೆ ಎಲ್ಲವೂ ಶಿಕ್ಷೆಯಂತೆ ಕಾಣುತ್ತದೆ.

ಮೊದಲನೆಯದು ಬರೆದಿಟ್ಟ ನಿಯಮ. ನಿಮ್ಮ 70ರ ಗೆರೆ ಅಂಥದ್ದು. ಗೆರೆಯ ಮೇಲಿದ್ದವರಿಗೆ ಕೆಲವು ಆಫರ್ ಮೊದಲು ಹೋಗುತ್ತವೆ, ಅಥವಾ ಕೆಲಸದ ಸ್ಲಾಟ್‌ಗಳು ಮೊದಲು ತೆರೆಯುತ್ತವೆ. ಇಲ್ಲಿ 69 ಮತ್ತು 40ರ ನಡುವೆ ವ್ಯತ್ಯಾಸವೇ ಇಲ್ಲದಿರಬಹುದು, 69 ಮತ್ತು 70ರ ನಡುವೆ ದೊಡ್ಡ ವ್ಯತ್ಯಾಸ ಇರಬಹುದು. ಅದೇ ರೀತಿ 70 ಮತ್ತು 95ರ ನಡುವೆಯೂ ಏನೂ ಇಲ್ಲದಿರಬಹುದು. 70ಕ್ಕೆ ಆದ್ಯತೆ ಕೊಡುವ ಆ್ಯಪ್‌ನಲ್ಲಿ 95 ಇಟ್ಟುಕೊಂಡಿರುವವರು, ಮೇಲೆ ಇನ್ನೊಂದು ಮಟ್ಟ ಇಲ್ಲದಿದ್ದರೆ, ಬಿಡಬಹುದಾದ 25 ಕೆಟ್ಟ ಆರ್ಡರ್‌ಗಳನ್ನು ಪುಕ್ಕಟೆ ಹೊತ್ತಿರುತ್ತಾರೆ. ನನ್ನ ಪ್ರಕಾರ ಗೆರೆಗಿಂತ ನಾಲ್ಕೈದು ಅಂಕ ಮೇಲಿದ್ದರೆ ಸಾಕು. ಆ ನಾಲ್ಕೈದು ಅಂಕ ಒಂದು ಕೆಟ್ಟ ಸಂಜೆಗೆ ಕಾದಿಟ್ಟ ಉಳಿತಾಯ.

ಎರಡನೆಯದು ಹಂಚುವ ಲೆಕ್ಕದೊಳಗೆ ಅಡಗಿರುವುದು. ಒಂದು ಆರ್ಡರ್ ಬಂದಾಗ ಸಿಸ್ಟಮ್ ಹತ್ತಿರದಲ್ಲಿ ಯಾರಿದ್ದಾರೆ, ಪಿಕಪ್‌ಗೆ ಎಷ್ಟು ಹೊತ್ತಿನಲ್ಲಿ ತಲುಪುತ್ತಾರೆ, ಪಾರ್ಸೆಲ್ ಯಾವಾಗ ಸಿದ್ಧವಾಗುತ್ತದೆ ಎಂದೆಲ್ಲ ನೋಡುತ್ತದೆ. ಅದರ ಜೊತೆ ಈ ವ್ಯಕ್ತಿ ಈ ಆರ್ಡರ್ ಒಪ್ಪುವ ಸಾಧ್ಯತೆ ಎಷ್ಟು ಎಂದು ಅಂದಾಜು ಮಾಡುವುದೂ ಈ ಕ್ಷೇತ್ರದಲ್ಲಿ ಗೊತ್ತಿರುವ ವಿಧಾನವೇ. ಇದಕ್ಕೆ ಕಾರಣ ಇದೆ. ಒಬ್ಬರಿಗೆ ಆಫರ್ ಕಳಿಸಿ ಅವರು 40 ಸೆಕೆಂಡ್ ನೋಡಿ ಬೇಡ ಎಂದರೆ ಆ 40 ಸೆಕೆಂಡ್ ಗ್ರಾಹಕರ ಕಾಯುವ ಸಮಯಕ್ಕೆ ಸೇರುತ್ತದೆ. ಐದು ಜನ ಹೀಗೆ ಬಿಟ್ಟರೆ ಮೂರು ನಿಮಿಷಕ್ಕಿಂತ ಜಾಸ್ತಿ ಹೋಯಿತು. ಇಂಥ ಅಂದಾಜು ಇರುವ ಕಡೆ ನೀವು ದೂರದ್ದನ್ನು ಬಿಟ್ಟು ಹತ್ತಿರದ್ದನ್ನು ತಗೊಂಡರೆ, ದೂರದ ಆರ್ಡರ್‌ಗಳು ನಿಮ್ಮ ಕಡೆ ಬರುವುದೇ ಕಡಿಮೆಯಾಗಬಹುದು. ನಿಮಗೆ ಬೇಡದವೇ ಕಡಿಮೆಯಾದರೆ ಒಟ್ಟು ಆಫರ್‌ಗಳ ಸಂಖ್ಯೆ ಇಳಿದರೂ ನಷ್ಟವೇನೂ ಇಲ್ಲ. ಹಾಗಾಗಿ ಆಫರ್ ಎಷ್ಟು ಬಂತು ಎಂದಷ್ಟೇ ನೋಡಬೇಡಿ, ಒಪ್ಪುವಂಥವು ಎಷ್ಟು ಬಂದವು ಎಂದು ನೋಡಿ.

ಮೂರನೆಯದು ಆ್ಯಪ್ ನಿಮ್ಮನ್ನು ತಾನಾಗಿಯೇ ಬದಿಗೆ ನಿಲ್ಲಿಸುವುದು. ಇದಕ್ಕೆ ಸಾರ್ವಜನಿಕ ದಾಖಲೆಯೇ ಇದೆ. 2021ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಊಬರ್ ಚಾಲಕರ ಪ್ರಕರಣದಲ್ಲಿ, ಅವರನ್ನು ಕಂಪನಿಯ ಕೆಲಸಗಾರರೆಂದೇ ಪರಿಗಣಿಸಬೇಕು ಎಂದು ತೀರ್ಪು ಕೊಟ್ಟಿತು. ಒಪ್ಪುವ ಪ್ರಮಾಣ ಕಂಪನಿ ಗೊತ್ತು ಮಾಡಿದ ಮಟ್ಟಕ್ಕಿಂತ ಕೆಳಗಿಳಿದ ಚಾಲಕರಿಗೆ ಮೊದಲು ಎಚ್ಚರಿಕೆ ಸಂದೇಶಗಳು ಹೋಗುತ್ತಿದ್ದವು. ಆಮೇಲೂ ಸರಿಹೋಗದಿದ್ದರೆ ಆ್ಯಪ್ ಅವರನ್ನು 10 ನಿಮಿಷ ಲಾಗ್‌ಆಫ್ ಮಾಡುತ್ತಿತ್ತು. ಬೇಡ ಎನ್ನುವ ಹಕ್ಕು ಕಾಗದದ ಮೇಲೆ ಇದ್ದರೂ ಬಳಸುವಾಗ ಅದು ಹೀಗೆ ಬಿಗಿಯಾಗಿತ್ತು ಎಂಬುದನ್ನು ಕೋರ್ಟ್ ತನ್ನ ಕಾರಣಗಳಲ್ಲಿ ಒಂದಾಗಿ ಎಣಿಸಿತು. ಬೇರೆ ಆ್ಯಪ್‌ಗಳಲ್ಲೂ ಇಂಥದ್ದು ಸದ್ದಿಲ್ಲದೆ ನಡೆಯುತ್ತದೆ. ಸತತವಾಗಿ ಕೆಲವು ಆಫರ್‌ಗಳಿಗೆ ನೀವು ಉತ್ತರವನ್ನೇ ಕೊಡದಿದ್ದರೆ, ನೀವು ಫೋನ್ ಹತ್ತಿರ ಇಲ್ಲ ಎಂದುಕೊಂಡು ಆ್ಯಪ್ ನಿಮ್ಮನ್ನು ಪಾಜ್‌ಗೆ, ಅಂದರೆ ತಾತ್ಕಾಲಿಕ ವಿರಾಮಕ್ಕೆ, ಹಾಕಿಬಿಡುತ್ತದೆ.

ಇದು ನನಗೇ ಆಗಿದೆ. ನಾನು ಡೆಲಿವರಿ ಮಾಡುತ್ತಿದ್ದ ವರ್ಷಗಳಲ್ಲಿ ಒಂದು ರಾತ್ರಿ ಫೋನನ್ನು ಬ್ಯಾಗಿನೊಳಗೆ ಇಟ್ಟು ಟೈರ್ ರಿಪೇರಿ ಮಾಡಿಸುತ್ತಿದ್ದೆ. ಮೂರು ಆಫರ್ ಬಂದು ಸಮಯ ಮುಗಿದು ಹೋಗಿದ್ದವು. ಆಮೇಲೆ ಫೋನ್ ತೆಗೆದು ಹೋಲ್ಡರ್‌ಗೆ ಸಿಕ್ಕಿಸಿ ಮುಕ್ಕಾಲು ಗಂಟೆ ಕಾದೆ. ಏನೂ ಬರಲಿಲ್ಲ. ಇವತ್ತು ಬಿಸಿನೆಸ್ ಇಲ್ಲ ಎಂದುಕೊಂಡೆ. ಕೊನೆಗೆ ನೋಡಿದರೆ ಆ್ಯಪ್ ನನ್ನನ್ನು ಆಫ್‌ಲೈನ್ ಮಾಡಿಟ್ಟಿತ್ತು. ಅದನ್ನು ಹೇಳುವ ಸಣ್ಣ ಪಟ್ಟಿ ಮ್ಯಾಪ್‌ನ ಕೆಳಗೆ ಸೇರಿಹೋಗಿತ್ತು. ಆ ರಾತ್ರಿಯ ಮುಕ್ಕಾಲು ಗಂಟೆ ಇವತ್ತಿಗೂ ನನ್ನನ್ನು ಕಾಡುತ್ತದೆ. ಆದ್ದರಿಂದ 15 ನಿಮಿಷ ಏನೂ ಬರದಿದ್ದರೆ ಮೊದಲು ಸ್ಟೇಟಸ್ ನೋಡಿ, ಆಮೇಲೆ ನೆಟ್‌ವರ್ಕ್ ನೋಡಿ, ಬ್ಯಾಟರಿ ಉಳಿಸುವ ಸೆಟ್ಟಿಂಗ್ ಆ್ಯಪನ್ನು ನಿಲ್ಲಿಸಿದೆಯಾ ನೋಡಿ. ಶಿಕ್ಷೆಯ ಬಗ್ಗೆ ಯೋಚಿಸುವುದು ಅದಾದ ಮೇಲೆ.

ಇಲ್ಲೇ ಇನ್ನೊಂದು ಮಾತು ಹೇಳಬೇಕು. ಬೇಡ ಎಂದು ಒತ್ತುವುದು, ಸಮಯ ಮುಗಿಯಲು ಬಿಡುವುದು, ಒಪ್ಪಿದ ಮೇಲೆ ಕ್ಯಾನ್ಸಲ್ ಮಾಡುವುದು, ಈ ಮೂರೂ ಬೇರೆ. ಮೊದಲ ಎರಡು ಸಾಮಾನ್ಯವಾಗಿ ಆಕ್ಸೆಪ್ಟೆನ್ಸ್ ರೇಟನ್ನು ಒಂದೇ ಸಮ ಇಳಿಸುತ್ತವೆ. ಆದರೆ ಎರಡನೆಯದರಲ್ಲಿ ಪಾಜ್‌ಗೆ ಬೀಳುವ ಅಪಾಯವೂ ಸೇರಿಕೊಳ್ಳುತ್ತದೆ. ಹಾಗಾಗಿ ಬೇಡದ್ದಕ್ಕೆ ಬೇಗ ಬೇಡ ಎಂದುಬಿಡಿ. ಮೂರನೆಯದು ಕಂಪ್ಲೀಷನ್ ರೇಟ್ ಅಥವಾ ಕ್ಯಾನ್ಸಲೇಷನ್ ರೇಟ್ ಎಂಬ ಬೇರೆಯೇ ಖಾತೆಗೆ ಹೋಗುತ್ತದೆ. ಅಲ್ಲಿ ಪೆಟ್ಟು ಜೋರು. ಡೋರ್‌ಡ್ಯಾಶ್‌ನಂಥ ಕಡೆ ಆಕ್ಸೆಪ್ಟೆನ್ಸ್ ರೇಟ್ ಕಡಿಮೆ ಎಂದು ಖಾತೆ ಮುಚ್ಚುವುದಿಲ್ಲ, ಆದರೆ ಕಂಪ್ಲೀಷನ್ ರೇಟ್ ಬಿದ್ದರೆ ಮುಚ್ಚಬಹುದು. ರೇಟ್ ಉಳಿಸಿಕೊಳ್ಳಲು ಮೊದಲು ಒಪ್ಪಿ, ಆಮೇಲೆ ವಿವರ ನೋಡಿ ಬಿಡುವ ಅಭ್ಯಾಸ ಕೆಲವರಲ್ಲಿದೆ. ದಯವಿಟ್ಟು ಅದನ್ನು ಮಾಡಬೇಡಿ. ಸಣ್ಣ ಗಾಯಕ್ಕೆ ಹೆದರಿ ಕೈ ಮುರಿದುಕೊಂಡಂತೆ ಆಗುತ್ತದೆ. ಅಷ್ಟೇ ಅಲ್ಲ, ಆ ಕಡೆ ಒಬ್ಬರು ತಮ್ಮ ಪಾರ್ಸೆಲ್ ಹೊರಟಿತು ಎಂದುಕೊಂಡು ಕಾಯುತ್ತಿರುತ್ತಾರೆ. ಜಾಗ ಅಪಾಯದ್ದು ಅನ್ನಿಸಿದರೆ, ಗಾಡಿ ಕೆಟ್ಟರೆ, ಅಂಗಡಿ ಮುಚ್ಚಿದ್ದರೆ ಮಾತ್ರ ಕ್ಯಾನ್ಸಲ್ ಸರಿ. ಆಗ ಕಾರಣದ ಪಟ್ಟಿಯಲ್ಲಿ ನಿಜವಾದದ್ದನ್ನೇ ಆರಿಸಿ, ಮುಚ್ಚಿದ ಬಾಗಿಲಿನ ಫೋಟೋ ಇಟ್ಟುಕೊಳ್ಳಿ. ಅಂಥವನ್ನು ಲೆಕ್ಕದಿಂದ ತೆಗೆಯುವ ಆ್ಯಪ್‌ಗಳಿವೆ.

ಮತ್ತೆ ನಿಮ್ಮ ಮೂರು ಕೆಟ್ಟ ಆರ್ಡರ್‌ಗಳಿಗೆ ಬರೋಣ. ಕೆಟ್ಟದ್ದು ಎಂದರೆ ಎಷ್ಟು ಕೆಟ್ಟದ್ದು? ದೂರ ಅನ್ನಿಸಿದ ಮಾತ್ರಕ್ಕೆ ನಷ್ಟ ಎಂದಲ್ಲ. ಇದನ್ನು ನಿಮ್ಮದೇ ಗಂಟೆಯ ಗಳಿಕೆಯಿಂದ ಅಳೆಯಬೇಕು. ಖರ್ಚು ಕಳೆದು, ಕಾದು ಕೂತ ಸಮಯವನ್ನೂ ಸೇರಿಸಿ, ನಿಮಗೆ ಗಂಟೆಗೆ 100 ಸಿಗುತ್ತದೆ ಎಂದಿಟ್ಟುಕೊಳ್ಳಿ. ಯಾವ ಹಣವಾದರೂ ಸರಿ. ಒಂದು ದೂರದ ಆರ್ಡರ್ ಬಂತು. ಹೋಗಿ ಕೊಡುವುದಕ್ಕೆ 30 ನಿಮಿಷ, ಆರ್ಡರ್ ಸಿಗುವ ಜಾಗಕ್ಕೆ ಬರಿಗೈಲಿ ವಾಪಸ್ ಬರುವುದಕ್ಕೆ 15 ನಿಮಿಷ. ಒಟ್ಟು 45. ನಿಮ್ಮ ಸರಾಸರಿಯಲ್ಲಿ 45 ನಿಮಿಷದ ಬೆಲೆ 75. ಆ ಆರ್ಡರ್ ಖರ್ಚು ಕಳೆದು 60 ಕೊಡುತ್ತದೆ. ಅಂದರೆ ಅದನ್ನು ತಗೊಂಡರೆ 15 ನಷ್ಟ, ಪೂರ್ತಿ 75 ಅಲ್ಲ. ಬಹಳ ಜನ ವಾಪಸ್ ಬರುವ 15 ನಿಮಿಷವನ್ನು ಮರೆಯುತ್ತಾರೆ. ಅದನ್ನು ಮರೆತರೆ ಇದೇ ಆರ್ಡರ್ ಲಾಭ ಎಂದು ಕಾಣುತ್ತದೆ, ಯಾಕೆಂದರೆ 30 ನಿಮಿಷದ ಬೆಲೆ 50 ಮಾತ್ರ. ಹಾಗೆಯೇ ಡ್ರಾಪ್ ಜಾಗದಲ್ಲೂ ಆರ್ಡರ್ ಚೆನ್ನಾಗಿ ಸಿಗುವಂತಿದ್ದರೆ ಆ 15 ನಿಮಿಷವನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ.

ಇಂಥ ಮೂರು ಆರ್ಡರ್‌ಗಳಿಗೆ ಒಟ್ಟು ನಷ್ಟ 45, ಅಂದರೆ ನಿಮ್ಮ 27 ನಿಮಿಷದ ಗಳಿಕೆ. ಅದಕ್ಕೆ ಬದಲಾಗಿ ಸಿಗುವುದು ಸುಮಾರು 26 ಆಫರ್‌ಗಳ ಕಾಲ ಆದ್ಯತೆ. ಭಾಗಿಸಿದರೆ ಆಫರ್‌ಗೆ ಒಂದು ನಿಮಿಷ. ಆದ್ಯತೆ ಇದ್ದಾಗ ಒಂದು ಆಫರ್‌ನಿಂದ ಇನ್ನೊಂದಕ್ಕೆ ಕಾಯುವ ಸಮಯ ಒಂದು ನಿಮಿಷಕ್ಕಿಂತ ಜಾಸ್ತಿ ಉಳಿಯುತ್ತಿದ್ದರೆ ಆ ಮೂರನ್ನು ತಗೊಳ್ಳಿ. ಅಷ್ಟು ಉಳಿಯದಿದ್ದರೆ ತಗೊಳ್ಳಬೇಡಿ, 41ನೆಯ ಆಫರ್ ತನಕ ಕಾಯಿರಿ. ಆದ್ಯತೆಯಿಂದ ಸಮಯದ ಬದಲು ಹೆಚ್ಚು ಹಣದ ಆರ್ಡರ್ ಸಿಗುವುದಾದರೆ ಆಗಲೂ ಇದೇ ಲೆಕ್ಕ: ಪ್ರತಿ ಆರ್ಡರ್‌ಗೆ ಸರಾಸರಿ ಎರಡು ಹೆಚ್ಚು ಸಿಕ್ಕರೆ ಸಾಕು.

ಆ ಒಂದು ನಿಮಿಷ ಉಳಿಯುತ್ತದೋ ಇಲ್ಲವೋ ತಿಳಿಯುವುದು ಹೇಗೆ? ಒಂದು ಚಿಕ್ಕ ನೋಟ್‌ಬುಕ್ ಸಾಕು. ಪ್ರತಿ ಡೆಲಿವರಿ ಮುಗಿದ ಸಮಯ ಬರೆಯಿರಿ, ಮುಂದಿನ ಆಫರ್ ಬಂದ ಸಮಯ ಬರೆಯಿರಿ, ಒಪ್ಪಿದ್ದೋ ಬಿಟ್ಟದ್ದೋ ಗುರುತು ಹಾಕಿ. ನಿಮ್ಮ ಹತ್ತಿರ ಈಗ ಒಂದು ಒಳ್ಳೆಯ ಅವಕಾಶವೂ ಇದೆ. 81 ಇದ್ದಾಗಿನ ಹಳೆಯ ದಿನಗಳ ಹಿಸ್ಟರಿ ಆ್ಯಪ್‌ನಲ್ಲಿ ಇರುತ್ತದೆ. ಡೆಲಿವರಿ ಮುಗಿದ ಹೊತ್ತು ಮತ್ತು ಮುಂದಿನದು ಶುರುವಾದ ಹೊತ್ತು ಅಲ್ಲಿ ಸಿಗುತ್ತದೆ. ಈಗಿನದನ್ನು ಅದರ ಪಕ್ಕ ಇಡಿ. ಆದರೆ ಮಂಗಳವಾರವನ್ನು ಮಂಗಳವಾರಕ್ಕೇ ಹೋಲಿಸಿ, ಸಂಜೆ 7ರಿಂದ 9 ಎಂದರೆ ಎರಡೂ ಕಡೆ ಅದೇ ಎರಡು ಗಂಟೆ, ಅದೇ ಜಾಗ. ಮಳೆ ಬಂದ ದಿನವನ್ನು ಬಿಟ್ಟುಬಿಡಿ. ಸರಾಸರಿ ತೆಗೆಯುವ ಬದಲು ಕಾದ ನಿಮಿಷಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ತೆಗೆದುಕೊಳ್ಳಿ. ಒಂದು ಸಲ 50 ನಿಮಿಷ ಕಾದದ್ದು ಸರಾಸರಿಯನ್ನು ಹಾಳು ಮಾಡುತ್ತದೆ, ನಡುವಿನ ಅಂಕಿಯನ್ನು ಅಷ್ಟಾಗಿ ಮುಟ್ಟುವುದಿಲ್ಲ.

ಒಂದು ಸಂಜೆ ನೋಡಿ ತೀರ್ಮಾನಕ್ಕೆ ಬರಬೇಡಿ. ಎರಡೂ ಕಡೆ ಕನಿಷ್ಠ 25–30 ಸಲ ಕಾದ ಲೆಕ್ಕ ಇರಲಿ. ಆಗಲೂ ಹಿಂದೆ 8 ನಿಮಿಷ, ಈಗ 9 ನಿಮಿಷ ಎಂದು ಬಂದರೆ ಅದು ಏನನ್ನೂ ಹೇಳುವುದಿಲ್ಲ, ಆ ವಾರ ನಿಮ್ಮ ಜೋನ್‌ನಲ್ಲಿ ರೈಡರ್‌ಗಳು ಜಾಸ್ತಿ ಇದ್ದರೂ ಅಷ್ಟು ವ್ಯತ್ಯಾಸ ಬರುತ್ತದೆ. ಆ ಸಂದರ್ಭದಲ್ಲಿ ಮೂರು ಕೆಟ್ಟ ಆರ್ಡರ್‌ಗಳನ್ನು ಹೊರಬೇಡಿ. ಹಿಂದೆ 8, ಈಗ 14 ಎಂದು ಬಂದರೆ ಅದು ಬೇರೆ ಮಾತು, ಆದ್ಯತೆಗೆ ನಿಜವಾಗಿಯೂ ಬೆಲೆ ಇದೆ. ಜೊತೆಗೆ ಅದೇ ಜೋನ್‌ನಲ್ಲಿ 70ರ ಮೇಲಿರುವ ಗೆಳೆಯರೊಬ್ಬರನ್ನು ಕೇಳಿ. ಅವರಿಗೂ ಈ ವಾರ ಕಡಿಮೆಯಾಗಿದ್ದರೆ ಕಾರಣ ನಿಮ್ಮ ರೇಟ್ ಅಲ್ಲ. ಇದು ನಾನು ಎಲ್ಲರಿಗೂ ಹೇಳುವ ಪರೀಕ್ಷೆ, ಯಾಕೆಂದರೆ ಐದು ನಿಮಿಷದ ಒಂದು ಫೋನ್ ಕರೆಯಿಂದ ಬಹಳ ಅನುಮಾನ ಕಳೆಯುತ್ತದೆ.

ಹೋದ ವಾರದಂಥ ದಿನ ಮತ್ತೆ ಬಂದೇ ಬರುತ್ತದೆ. ಆಗ 26 ಸಲ ಬೇಡ ಎನ್ನುವುದಕ್ಕಿಂತ ಆಫರ್ ಬರದಂತೆ ನೋಡಿಕೊಳ್ಳುವುದು ಉತ್ತಮ. ಸತತ ನಾಲ್ಕು ಆಫರ್‌ಗಳು ಒಂದೇ ದೂರದ ದಿಕ್ಕಿನವು ಎಂದಾದರೆ ಆ ಜಾಗ ಆ ಹೊತ್ತಿಗೆ ಸರಿಯಿಲ್ಲ. ಪಾಜ್ ಒತ್ತಿ ಅಥವಾ ಲಾಗ್‌ಔಟ್ ಆಗಿ ಒಂದೆರಡು ಕಿಲೋಮೀಟರ್ ಪಕ್ಕಕ್ಕೆ ಹೋಗಿ ಮತ್ತೆ ಶುರುಮಾಡಿ. ಪಾಜ್‌ನಲ್ಲಿದ್ದಾಗ ಆಫರ್ ಬರುವುದಿಲ್ಲ, ಬರದ ಆಫರ್ ಲೆಕ್ಕಕ್ಕೂ ಬರುವುದಿಲ್ಲ. ಪೆಟ್ರೋಲ್ ಹಾಕಿಸುವಾಗ, ಲಿಫ್ಟ್ ಒಳಗೆ ನೆಟ್‌ವರ್ಕ್ ಹೋಗುತ್ತದೆ ಎಂದು ಗೊತ್ತಿದ್ದಾಗ, ಮನೆಗೆ ಹೊರಡುವ ಮುಂಚೆ ಕೂಡ ಇದನ್ನೇ ಮಾಡಿ. ದೂರದ ಮಿತಿ ಅಥವಾ ಜೋನ್ ಆರಿಸುವ ಸೆಟ್ಟಿಂಗ್ ನಿಮ್ಮ ಆ್ಯಪ್‌ನಲ್ಲಿದ್ದರೆ ಇನ್ನೂ ಒಳ್ಳೆಯದು. ಒಂದು ಡೆಲಿವರಿ ಮಧ್ಯೆ ಬರುವ ಎರಡನೆಯ ಆರ್ಡರ್ ಕೂಡ ಆಫರ್ ಎಂದೇ ಎಣಿಕೆಯಾಗಬಹುದು ಎಂಬುದು ನೆನಪಿರಲಿ. ಗಾಡಿ ಓಡಿಸುತ್ತಿರುವಾಗ ಅದನ್ನು ನೋಡಲಾಗದೆ ಸಮಯ ಮುಗಿದು ರೇಟ್ ಇಳಿದವರನ್ನು ಬಹಳ ಕಂಡಿದ್ದೇನೆ. ಅದನ್ನು ನೋಡಲು ಗಾಡಿ ಓಡಿಸುತ್ತಲೇ ಕೈ ಚಾಚಬೇಡಿ. ಒಂದು ಅಂಕ ಹೋದರೆ ಹೋಗಲಿ.

ಇನ್ನು ಕೆಲವು ಆ್ಯಪ್‌ಗಳಲ್ಲಿ ಬಹಳ ಜನ ಬಿಟ್ಟ ಆರ್ಡರ್‌ಗೆ ಹಣ ಏರಿಸಿ ಮತ್ತೆ ಕಳಿಸುತ್ತಾರೆ. ನೀವು ಬಿಟ್ಟದ್ದೇ ಹತ್ತು ನಿಮಿಷದ ನಂತರ ನಿಮಗೆ ಬಂದರೆ ಅದನ್ನು ಹೊಸ ಆಫರ್ ಎಂದೇ ಅಳೆಯಿರಿ. ಮೇಲಿನ ಉದಾಹರಣೆಯಲ್ಲಿ 60 ಇದ್ದದ್ದು 78 ಆಗಿ ಬಂದರೆ ಈಗ ಅದು ಒಪ್ಪುವ ಆರ್ಡರ್. ಅದೇ 60ಕ್ಕೆ ಬಂದು ಮತ್ತೆ ಬಿಟ್ಟರೆ ಎರಡನೆಯ ರಿಜೆಕ್ಟ್ ಕೂಡ ಬೀಳಬಹುದು. ಅದು ನ್ಯಾಯವಲ್ಲ ಎಂದು ನನಗೂ ಅನ್ನಿಸುತ್ತದೆ.

ನ್ಯಾಯದ ಮಾತು ಬಂದದ್ದರಿಂದ ಹೇಳುತ್ತೇನೆ. ಈ ರೇಟ್‌ಗಳ ದೊಡ್ಡ ದೋಷ ಅವು ಕಾರಣವನ್ನು ನೋಡದಿರುವುದು. ಇಟಲಿಯ ಬೊಲೋನ್ಯ ಕೋರ್ಟ್ 2020ರ ಡಿಸೆಂಬರ್ 31ರಂದು ಡೆಲಿವರೂ ಎಂಬ ಊಟ ತಲುಪಿಸುವ ಕಂಪನಿಯ ರೈಡರ್‌ಗಳ ಬಗ್ಗೆ ಒಂದು ಆದೇಶ ಕೊಟ್ಟಿತು. ಅಲ್ಲಿ ಪ್ರಶ್ನೆಯಾಗಿದ್ದದ್ದು ಆಕ್ಸೆಪ್ಟೆನ್ಸ್ ರೇಟ್ ಅಲ್ಲ, ಬುಕ್ ಮಾಡಿದ ಸ್ಲಾಟ್‌ಗೆ ಬಂದರಾ ಇಲ್ಲವಾ ಎಂದು ಅಳೆಯುವ ಒಂದು ವಿಶ್ವಾಸಾರ್ಹತೆಯ ಅಂಕ. ಅಂಕ ಚೆನ್ನಾಗಿದ್ದವರಿಗೆ ಸೋಮವಾರ 11 ಗಂಟೆಗೆ ಸ್ಲಾಟ್‌ಗಳು ತೆರೆಯುತ್ತಿದ್ದವು, ಉಳಿದವರಿಗೆ ಮಧ್ಯಾಹ್ನ 3ಕ್ಕೆ, ಆಮೇಲೆ 5ಕ್ಕೆ. ಅಷ್ಟು ಹೊತ್ತಿಗೆ ಒಳ್ಳೆಯ ಸ್ಲಾಟ್‌ಗಳು ಖಾಲಿಯಾಗಿರುತ್ತಿದ್ದವು. ಹುಷಾರಿಲ್ಲದೆ ಬರದವರನ್ನೂ, ಮುಷ್ಕರಕ್ಕೆ ಹೋದವರನ್ನೂ, ಸುಮ್ನೆ ಬರದವರನ್ನೂ ಆ ಅಂಕ ಒಂದೇ ರೀತಿ ನೋಡುತ್ತಿತ್ತು. ಇದು ತಾರತಮ್ಯ ಎಂದು ಕೋರ್ಟ್ ಹೇಳಿತು. ನಿಮ್ಮ 26 ರಿಜೆಕ್ಟ್‌ಗಳಲ್ಲಿ ಮುಚ್ಚಿದ ರಸ್ತೆ, ಕತ್ತಲೆಯ ಜಾಗ, ಆ್ಯಪ್ ತಪ್ಪು ತೋರಿಸಿದ ದೂರ ಇವೆಲ್ಲ ಇದ್ದರೆ ನಿಮಗೂ ಕೇಳುವ ಹಕ್ಕಿದೆ ಎಂದೇ ನಾನು ನಂಬುತ್ತೇನೆ. ಕೇಳುವುದರಿಂದ ರೇಟ್ ಬದಲಾಗದೆಯೂ ಇರಬಹುದು, ಆದರೆ ಉತ್ತರ ಬರಹದಲ್ಲಿ ಕೈಗೆ ಸಿಗುತ್ತದೆ.

ಸಪೋರ್ಟ್‌ಗೆ ಬರೆಯುವಾಗ ಆರ್ಡರ್ ಏಕೆ ಕಡಿಮೆ ಎಂದು ಕೇಳಬೇಡಿ. ಅದಕ್ಕೆ ಬೇಡಿಕೆ ಕಡಿಮೆ ಎಂಬ ಸಿದ್ಧ ಉತ್ತರ ಬರುತ್ತದೆ. ಅದರ ಬದಲು ಹೀಗೆ ಬರೆಯಿರಿ: ನನ್ನ ರೇಟ್ ಕೊನೆಯ ಎಷ್ಟು ಆಫರ್ ಅಥವಾ ಎಷ್ಟು ದಿನದ ಮೇಲೆ ಲೆಕ್ಕವಾಗುತ್ತದೆ? ಸಮಯ ಮುಗಿದು ಹೋದ ಆಫರ್ ಮತ್ತು ಡೆಲಿವರಿ ಮಧ್ಯೆ ಬಂದ ಆಫರ್ ಅದರಲ್ಲಿ ಸೇರುತ್ತವೆಯಾ? 70ರ ಮಟ್ಟವನ್ನು ಯಾವ ದಿನ, ಯಾವ ಹೊತ್ತಿಗೆ ನಿರ್ಧರಿಸುತ್ತೀರಿ? ಇವತ್ತಿನ 67ರ ಸ್ಕ್ರೀನ್‌ಶಾಟ್ ಜೊತೆಗೆ ಕಳಿಸಿ, ಒಂದು ಪ್ರತಿ ನಿಮ್ಮಲ್ಲೂ ಇರಲಿ. ಉತ್ತರ ಬರುವ ತನಕ ನೋಟ್‌ಬುಕ್‌ನಲ್ಲಿ ಇಂದಿನಿಂದ 1, 2, 3 ಎಂದು ಆಫರ್‌ಗಳನ್ನು ಎಣಿಸುತ್ತಾ ಹೋಗಿ. ಮಾಮೂಲಿನಂತೆ ಕೆಲಸ ಮಾಡಿದರೂ 35 ದಾಟಿದ ಮೇಲೆ ರೇಟ್ ಬೇಗ ಬೇಗ ಏರಬೇಕು. 45 ಆದರೂ ಏರದಿದ್ದರೆ ನಿಮ್ಮ ಆ್ಯಪ್ ಎಣಿಸುವುದು 100ರ ಲೆಕ್ಕದಲ್ಲಿ ಅಲ್ಲ. ಆಗ ಆ ಎಣಿಕೆಯನ್ನೂ ಅವರ ಉತ್ತರವನ್ನೂ ನನಗೆ ಕಳಿಸಿ, ಕೂತು ನೋಡೋಣ.